ಒಂದೇ ಫೋನು, ಎರಡು ಖಾತೆ: ಮನೆ ಮತ್ತು ಕೆಲಸದ ಮೆಸೇಜು ಬೆರೆಯದಂತೆ ಇಟ್ಟುಕೊಳ್ಳುವುದು ಹೇಗೆ?

ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಕಾರ್ಖಾನೆಗಳಲ್ಲಿ ದುಡಿಯುವವರಿರಲಿ, ಶಹಾಪುರದಲ್ಲಿ ಸೀರೆ ಅಂಗಡಿ ಇಟ್ಟವರಿರಲಿ, ಖಾನಾಪುರ ತಾಲ್ಲೂಕಿನ ಶಾಲೆಗಳಿಗೆ ದಿನಾ ಹೋಗಿಬರುವ ಶಿಕ್ಷಕರಿರಲಿ, ಎಲ್ಲರ ಕೆಲಸವೂ ಈಗ ಒಂದಿಷ್ಟು ವಾಟ್ಸ್ಆ್ಯಪ್‌ನಲ್ಲೇ ನಡೆಯುತ್ತದೆ. ಚಲನ್ ಫೋಟೊ, ಗಾಡಿ ನಂಬರು, ಸಾಹೇಬರ ಸೂಚನೆ, ಗಿರಾಕಿಯ ವಿಚಾರಣೆ ಎಲ್ಲವೂ ಅಲ್ಲಿಗೇ ಬರುತ್ತವೆ. ಮನೆಯವರ ಮಾತು, ಬೀಗರ ಮದುವೆ ಕರೆಯೋಲೆ, ಮಕ್ಕಳ ಶಾಲೆಯ ಸುದ್ದಿಯೂ ಅದೇ ಫೋನಿಗೆ ಬರುತ್ತವೆ.

ಎಲ್ಲಕ್ಕೂ ಒಂದೇ ಸದ್ದು. ಆದ್ದರಿಂದ ಫೋನು ಸದ್ದು ಮಾಡಿದಾಗ ಅದು ಯಾರದೆಂದು ತಿಳಿಯಲು ತೆರೆದೇ ನೋಡಬೇಕು. ರಾತ್ರಿ ಊಟಕ್ಕೆ ಕುಳಿತಾಗಲೂ ನೋಡಬೇಕು. ಬೇಸತ್ತು ಫೋನನ್ನು ಸೈಲೆಂಟ್ ಮಾಡಿದರೆ ಊರಿಂದ ಬಂದ ತುರ್ತು ಕರೆಯೂ ಕೇಳುವುದಿಲ್ಲ. ಇದಕ್ಕೆ ಎರಡನೇ ಫೋನು ಕೊಳ್ಳಬೇಕಿಲ್ಲ. ಇರುವ ಫೋನಿನಲ್ಲೇ ಎರಡು ಖಾತೆ ಇಟ್ಟು, ಅವುಗಳ ಸದ್ದು ಮತ್ತು ಸಮಯವನ್ನು ಬೇರೆ ಮಾಡಬಹುದು. ಅದನ್ನು ಹಂತಹಂತವಾಗಿ ನೋಡೋಣ. ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು, ಹಾಗಾಗಿ ವಿವರವೆಲ್ಲ ಅದರದ್ದೇ. ಐಫೋನಿನ ಮಾತು ಕೊನೆಯ ಕಡೆಗೆ ಇದೆ.

ಬೇರೆ ಮಾಡುವುದು ಎಂದರೆ ಏನು?

ಮೂರು ಕಡೆ ಬೇರೆ ಮಾಡಬೇಕು. ಮೊದಲನೆಯದು ನಂಬರು: ಮನೆಗೊಂದು ಸಿಮ್, ಕೆಲಸಕ್ಕೊಂದು ಸಿಮ್. ಎರಡನೆಯದು ಆ್ಯಪ್: ಎರಡೂ ನಂಬರುಗಳ ಮೆಸೇಜು ಬೇರೆ ಬೇರೆ ಆ್ಯಪ್‌ನಲ್ಲಿ ಬರಬೇಕು. ಮೂರನೆಯದು ನೋಟಿಫಿಕೇಶನ್, ಅಂದರೆ ಮೆಸೇಜು ಬಂತೆಂದು ಫೋನು ಸದ್ದು ಮಾಡಿ, ಪರದೆಯ ಮೇಲೆ ತೋರಿಸುವ ಸೂಚನೆ. ಈ ಸೂಚನೆಯ ಸದ್ದು ಬೇರೆಯಿರಬೇಕು, ಅದು ಬರುವ ಹೊತ್ತೂ ಬೇರೆಯಿರಬೇಕು.

ಹಲವರು ಮೊದಲ ಎರಡನ್ನು ಮಾಡಿ ನಿಲ್ಲಿಸುತ್ತಾರೆ. ಎರಡು ಸಿಮ್ ಇರುತ್ತದೆ, ಎರಡು ವಾಟ್ಸ್ಆ್ಯಪ್ ಇರುತ್ತದೆ. ಆದರೂ ಸದ್ದು ಒಂದೇ, ರಾತ್ರಿ ಹತ್ತಕ್ಕೂ ಎರಡೂ ಕೂಗುತ್ತವೆ. ಮೂರನೆಯದನ್ನು ಮಾಡದೆ ಮೊದಲ ಎರಡರಿಂದ ಹೆಚ್ಚು ಉಪಯೋಗವಿಲ್ಲ. ಮೂರನೆಯದು ಸುಲಭವಾಗಬೇಕಾದರೆ ಎರಡನೆಯದನ್ನು ಸರಿಯಾಗಿ ಆರಿಸಿಕೊಳ್ಳಬೇಕು. ಮುಖ್ಯವಾದ ತೀರ್ಮಾನ ಇರುವುದು ಅಲ್ಲೇ.

ಎರಡು ಖಾತೆ ಇಡಲು ಯಾವ ದಾರಿ ಒಳ್ಳೆಯದು?

ಮೂರು ದಾರಿಗಳಿವೆ.

ಒಂದು, ಒಂದೇ ವಾಟ್ಸ್ಆ್ಯಪ್‌ನಲ್ಲಿ ಎರಡು ಖಾತೆ. 2023ರ ಅಕ್ಟೋಬರ್‌ನಲ್ಲಿ ವಾಟ್ಸ್ಆ್ಯಪ್ ಈ ಸೌಲಭ್ಯವನ್ನು ಆಂಡ್ರಾಯ್ಡ್‌ಗೆ ಪ್ರಕಟಿಸಿತು. ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಹೆಸರಿನ ಪಕ್ಕದ ಬಾಣದ ಗುರುತು ಒತ್ತಿ, "Add account" ಆರಿಸಿದರೆ ಎರಡನೇ ನಂಬರು ಸೇರುತ್ತದೆ. ಇದು ಸರಳ. ಆದರೆ ಫೋನಿನ ಲೆಕ್ಕದಲ್ಲಿ ಅದು ಒಂದೇ ಆ್ಯಪ್. ರಾತ್ರಿ ಆ ಆ್ಯಪನ್ನು ಸುಮ್ಮನಾಗಿಸು ಎಂದು ಫೋನಿಗೆ ಹೇಳಿದರೆ ಎರಡೂ ಖಾತೆಗಳು ಸುಮ್ಮನಾಗುತ್ತವೆ.

ಎರಡು, ಫೋನಿನ ಕಂಪನಿಯೇ ಕೊಡುವ ನಕಲು ಆ್ಯಪ್. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು "Dual Messenger", ಶಿಯೋಮಿ ಮತ್ತು ರೆಡ್ಮಿಯಲ್ಲಿ "Dual apps", ವಿವೊದಲ್ಲಿ "App Clone". ವಾಟ್ಸ್ಆ್ಯಪ್‌ನ ಇನ್ನೊಂದು ಪ್ರತಿ ಸಣ್ಣ ಗುರುತಿನೊಂದಿಗೆ ಪರದೆಗೆ ಬರುತ್ತದೆ. ಇದೂ ಕೆಲಸ ಮಾಡುತ್ತದೆ. ಆದರೆ ಕೆಲವು ಫೋನುಗಳಲ್ಲಿ ಸಮಯ ಹೊಂದಿಸುವ ಪಟ್ಟಿಯಲ್ಲಿ ಈ ನಕಲು ಬೇರೆಯಾಗಿ ಕಾಣುವುದಿಲ್ಲ.

ಮೂರು, ಕೆಲಸದ ನಂಬರಿಗೆ ವಾಟ್ಸ್ಆ್ಯಪ್ ಬಿಸಿನೆಸ್. ಇದು ಅದೇ ಕಂಪನಿ 2018ರ ಜನವರಿಯಲ್ಲಿ ಹೊರತಂದ ಬೇರೆಯೇ ಆ್ಯಪ್. ಪ್ಲೇ ಸ್ಟೋರ್‌ನಲ್ಲಿ "WhatsApp Business" ಎಂದು ಹುಡುಕಿದರೆ ಸಿಗುತ್ತದೆ, ದುಡ್ಡಿಲ್ಲ. ಗುರುತಿನಲ್ಲಿ ಫೋನಿನ ಚಿತ್ರದ ಬದಲು B ಅಕ್ಷರ ಇರುತ್ತದೆ. ಫೋನು ಇದನ್ನು ಬೇರೆ ಆ್ಯಪ್ ಎಂದೇ ನೋಡುತ್ತದೆ. ಆದ್ದರಿಂದ ಇದರ ಸದ್ದು ಬದಲಿಸಬಹುದು, ಇದಕ್ಕೆ ಮಾತ್ರ ರಾತ್ರಿಯ ಬೀಗ ಹಾಕಬಹುದು. ಮನೆಯ ವಾಟ್ಸ್ಆ್ಯಪ್ ತನ್ನ ಪಾಡಿಗೆ ನಡೆಯುತ್ತದೆ. ಎರಡನ್ನೂ ನಿಜಕ್ಕೂ ಬೇರೆ ಇಡಬೇಕೆಂದರೆ ಈ ಮೂರನೇ ದಾರಿಯನ್ನು ಹಿಡಿಯಿರಿ.

"ನನ್ನದು ಅಂಗಡಿಯಲ್ಲ, ನೌಕರಿ. ಬಿಸಿನೆಸ್ ಆ್ಯಪ್ ಹಾಕಬಹುದೇ?" ಎಂಬ ಸಂಶಯ ಬರಬಹುದು. ಕೆಲಸದ ಮಾತುಕತೆಗೆ ಬಳಸುವವರೆಗೆ ತೊಂದರೆಯಿಲ್ಲ. ಆ್ಯಪ್ ಕೇಳುವ ಹೆಸರಿನ ಜಾಗದಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ. ಮಾಲೀಕರನ್ನು ಕೇಳದೆ ಕಾರ್ಖಾನೆಯ ಹೆಸರು ಹಾಕಬೇಡಿ. ನಿಮ್ಮೊಂದಿಗೆ ಮಾತಾಡುವವರಿಗೆ ಇದು ಬಿಸಿನೆಸ್ ಖಾತೆ ಎಂಬ ಸಾಲು ಕಾಣುತ್ತದೆ, ಅಷ್ಟೇ.

ಜಿಬಿ ವಾಟ್ಸ್ಆ್ಯಪ್‌ನಂಥ ಹೊರಗಿನ ಆ್ಯಪ್‌ಗಳನ್ನು ಮಾತ್ರ ಹಾಕಬೇಡಿ. ಅಧಿಕೃತವಲ್ಲದ ಆ್ಯಪ್ ಬಳಸುವ ಖಾತೆಗಳನ್ನು ವಾಟ್ಸ್ಆ್ಯಪ್ ನಿರ್ಬಂಧಿಸುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ

ಮನೆ ಖಾನಾಪುರದಲ್ಲಿ, ಕೆಲಸ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಇರುವ ಒಬ್ಬ ಡಿಸ್ಪ್ಯಾಚ್ ಸೂಪರ್‌ವೈಸರ್ ಎಂದುಕೊಳ್ಳಿ. ಮಾಲು ತುಂಬಿಸಿ ಕಳಿಸುವುದು ಅವರ ಹೊಣೆ. ದಿನಾ ಸುಮಾರು 25 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಕೊಲ್ಹಾಪುರ, ಪುಣೆಯ ಗಿರಾಕಿಗಳು ಮರಾಠಿಯಲ್ಲಿ ಬರೆಯುತ್ತಾರೆ, ಶಾಪಿನವರು ಕನ್ನಡದಲ್ಲಿ ಬರೆಯುತ್ತಾರೆ. ಅವರ ಬಳಿ ಎರಡು ಸಿಮ್ ಹಾಕುವ ಒಂದು ಆಂಡ್ರಾಯ್ಡ್ ಫೋನು ಇದೆ, ಸದ್ಯಕ್ಕೆ ಸಿಮ್ ಒಂದೇ. ಅವರು ಬಯಸುವುದು ಇಷ್ಟು: ಹಗಲು ಕೆಲಸದ ಸದ್ದು ಬೇರೆಯಾಗಿ ಕೇಳಬೇಕು, ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಕೆಲಸದ ಮೆಸೇಜು ಸುಮ್ಮನಿರಬೇಕು, ಗಾಡಿ ಎಲ್ಲಾದರೂ ಕೆಟ್ಟು ನಿಂತರೆ ಮಾತ್ರ ಸುದ್ದಿ ಮುಟ್ಟಬೇಕು.

ಮೊದಲ ಹಂತ: ಎರಡನೇ ಸಿಮ್

ಹಳೆಯ ನಂಬರು ಮನೆಗಿರಲಿ, ಹೊಸ ನಂಬರು ಕೆಲಸಕ್ಕಿರಲಿ. ಇದನ್ನು ತಿರುಗಿಸಬೇಡಿ. ಹಳೆಯ ನಂಬರಿಗೆ ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಯುಪಿಐ ಎಲ್ಲವೂ ಜೋಡಿಸಿರುತ್ತವೆ. ನಾಳೆ ಕೆಲಸ ಬದಲಾದರೆ ಹೊಸ ನಂಬರನ್ನು ಬಿಡಬಹುದು, ಹಳೆಯದನ್ನು ಬಿಡಲಾಗದು.

ಸಿಮ್ ತರುವ ಮೊದಲು ಫೋನಿನ ಸಿಮ್ ತಟ್ಟೆಯನ್ನು ಹೊರಗೆಳೆದು ನೋಡಿ. ಕೆಲವು ಫೋನುಗಳಲ್ಲಿ ಎರಡನೇ ಸಿಮ್ ಮತ್ತು ಮೆಮರಿ ಕಾರ್ಡಿಗೆ ಒಂದೇ ಜಾಗ ಇರುತ್ತದೆ. ಎರಡನೇ ಸಿಮ್ ಹಾಕಿದರೆ ಕಾರ್ಡು ತೆಗೆಯಬೇಕಾಗುತ್ತದೆ. ಹಾಗಿದ್ದರೆ ಕಾರ್ಡಿನ ಫೋಟೊಗಳನ್ನು ಮೊದಲು ಬೇರೆಡೆ ಇಳಿಸಿಕೊಳ್ಳಿ. ನಿಮ್ಮ ಫೋನು ಇ-ಸಿಮ್, ಅಂದರೆ ಚಿಪ್ ಹಾಕದೆ ಫೋನಿನೊಳಗೇ ಸೇರುವ ಸಿಮ್ ಒಪ್ಪುವಂತಿದ್ದರೆ ಈ ತಾಪತ್ರಯವಿಲ್ಲ.

ಯಾವ ಕಂಪನಿಯದು? ಈಗಿರುವುದಕ್ಕಿಂತ ಬೇರೆ ಕಂಪನಿಯದು ಒಳ್ಳೆಯದು. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಕಾಡಿನೂರುಗಳಲ್ಲಿ ಎಲ್ಲ ಕಂಪನಿಗಳ ಸಿಗ್ನಲ್ ಒಂದೇ ಸಮ ಸಿಗುವುದಿಲ್ಲ. ನಿಮ್ಮ ಊರಲ್ಲಿ ಯಾವುದು ಹಿಡಿಯುತ್ತದೆ ಎಂದು ಅಕ್ಕಪಕ್ಕದವರನ್ನು ಕೇಳಿ ಕೊಳ್ಳಿ. ಮನೆಯಲ್ಲಿ ಒಂದು ಸಿಗ್ನಲ್ ಕೈಕೊಟ್ಟರೆ ಇನ್ನೊಂದು ಇರುತ್ತದೆ.

ಎರಡನೇ ಸಿಮ್‌ಗೆ ಡೇಟಾ ಪ್ಯಾಕ್ ಬೇಕೇ? ಬೇಡ. ವಾಟ್ಸ್ಆ್ಯಪ್‌ಗೆ ಬೇಕಿರುವುದು ಇಂಟರ್ನೆಟ್. ಅದು ಯಾವ ಸಿಮ್‌ನಿಂದ ಬಂದರೂ, ಮನೆಯ ವೈಫೈನಿಂದ ಬಂದರೂ ಎರಡೂ ಖಾತೆ ನಡೆಯುತ್ತವೆ. ಕೆಲಸದ ಸಿಮ್ ಬೇಕಾಗುವುದು ಖಾತೆ ತೆರೆಯುವಾಗ ಬರುವ ಆರು ಅಂಕಿಯ ಕೋಡ್‌ಗೆ, ಆಮೇಲೆ ಮಾತಿಗೆ.

ಹಾಗೆಂದು ಕೋಡ್ ಬಂದ ಮೇಲೆ ಸಿಮ್ ತೆಗೆದಿಡಬೇಡಿ. 2025ರ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಮೆಸೇಜಿಂಗ್ ಆ್ಯಪ್‌ಗಳಿಗೆ ಒಂದು ನಿರ್ದೇಶನ ಕೊಟ್ಟಿತು. ಖಾತೆಯ ಸಿಮ್ ಫೋನಿನಲ್ಲೇ ಇದ್ದಾಗ ಮಾತ್ರ ಆ್ಯಪ್ ನಡೆಯುವಂತೆ ಮಾಡಬೇಕು ಎಂಬುದು ಅದರ ಸಾರ. ಎರಡೂ ಸಿಮ್ ಫೋನಿನಲ್ಲೇ ಇದ್ದರೆ ಈ ನಿಯಮದಿಂದ ನಿಮಗೆ ಚಿಂತೆಯಿಲ್ಲ.

ಎರಡನೇ ಹಂತ: ಕೆಲಸದ ಖಾತೆ ತೆರೆಯುವುದು

ವಾಟ್ಸ್ಆ್ಯಪ್ ಬಿಸಿನೆಸ್ ಇಳಿಸಿಕೊಂಡು ತೆರೆಯಿರಿ. ಇಲ್ಲಿ ನಿಧಾನಿಸಿ. ಫೋನಿನಲ್ಲಿ ಆಗಲೇ ವಾಟ್ಸ್ಆ್ಯಪ್ ಇರುವುದನ್ನು ಅದು ಗಮನಿಸಿ, ಇದೇ ನಂಬರನ್ನು ಬಳಸಲೇ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಹೌದು ಎಂದರೆ ನಿಮ್ಮ ಮನೆಯ ಖಾತೆಯೇ ಬಿಸಿನೆಸ್ ಆ್ಯಪ್‌ಗೆ ಹೋಗುತ್ತದೆ, ಹಳೆಯ ವಾಟ್ಸ್ಆ್ಯಪ್ ಹೊರಬೀಳುತ್ತದೆ. ಒಂದು ನಂಬರು ಏಕಕಾಲಕ್ಕೆ ಎರಡೂ ಆ್ಯಪ್‌ಗಳಲ್ಲಿ ಇರಲಾರದು. ಆದ್ದರಿಂದ ಬೇರೆ ನಂಬರು ಬಳಸುವ ಆಯ್ಕೆಯನ್ನು ಒತ್ತಿ, ಹೊಸ ಸಿಮ್‌ನ ನಂಬರು ಕೊಡಿ.

ಇನ್ನೊಂದು ಎಡವಟ್ಟು "Change number" ಎಂಬ ಆಯ್ಕೆಯದು. ಹಳೆಯ ವಾಟ್ಸ್ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಎರಡನೇ ಖಾತೆ ಹುಟ್ಟುವುದಿಲ್ಲ. ಇರುವ ಖಾತೆಯೇ ಹೊಸ ನಂಬರಿಗೆ ಹೋಗಿಬಿಡುತ್ತದೆ. ಅದನ್ನು ಮುಟ್ಟಬೇಡಿ.

ಖಾತೆ ತೆರೆದ ಕೂಡಲೇ ಎರಡು ಕೆಲಸ ಮಾಡಿ. "Two-step verification" ಹಾಕಿ. ಇದು ಬೇರೆಯವರು ನಿಮ್ಮ ಖಾತೆಯನ್ನು ತಮ್ಮ ಫೋನಿಗೆ ಎಳೆದುಕೊಳ್ಳದಂತೆ ತಡೆಯುವ ಆರು ಅಂಕಿಯ ಗುಟ್ಟಿನ ಸಂಖ್ಯೆ. ಎರಡೂ ಖಾತೆಗೆ ಬೇರೆ ಬೇರೆಯಾಗಿ ಹಾಕಬೇಕು. ಆಮೇಲೆ ಬ್ಯಾಕಪ್, ಅಂದರೆ ಮೆಸೇಜುಗಳ ಕಾಯ್ದಿಟ್ಟ ಪ್ರತಿ, ಯಾವ ಗೂಗಲ್ ಖಾತೆಗೆ ಹೋಗುತ್ತಿದೆ ಎಂದು ನೋಡಿ. ಗೂಗಲ್ ಕೊಡುವ ಉಚಿತ ಜಾಗ 15 ಜಿಬಿ, ವಾಟ್ಸ್ಆ್ಯಪ್ ಬ್ಯಾಕಪ್ ಈಗ ಅದರಲ್ಲೇ ಲೆಕ್ಕಕ್ಕೆ ಬರುತ್ತದೆ. ಕೆಲಸದ ಫೋಟೊಗಳು ಬಹಳವಿದ್ದರೆ ಕೆಲಸಕ್ಕೆಂದು ಬೇರೆ ಗೂಗಲ್ ಖಾತೆ ಆರಿಸಿ.

ಶಾಪಿನ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ಬಳಸುತ್ತೀರಾದರೆ ಅಲ್ಲಿಗೆ ಕೆಲಸದ ಖಾತೆಯನ್ನು ಮಾತ್ರ ಜೋಡಿಸಿ. ಮನೆಯ ಖಾತೆ ಮೊದಲೇ ಜೋಡಿಸಿದ್ದರೆ "Linked devices" ತೆರೆದು ಅದನ್ನು ಕಳಚಿ. ಇಲ್ಲದಿದ್ದರೆ ಫೋನಿನಲ್ಲಿ ಬೇರೆ ಮಾಡಿದ್ದು ಕಂಪ್ಯೂಟರಿನಲ್ಲಿ ಮತ್ತೆ ಬೆರೆಯುತ್ತದೆ.

ಮೂರನೇ ಹಂತ: ಸದ್ದು ಬೇರೆ

ವಾಟ್ಸ್ಆ್ಯಪ್ ಬಿಸಿನೆಸ್‌ನ ಸೆಟ್ಟಿಂಗ್ಸ್ ತೆರೆದು "Notifications"ಗೆ ಹೋಗಿ. ಅಲ್ಲಿ ಒಬ್ಬೊಬ್ಬರ ಮೆಸೇಜಿಗೆ ಒಂದು ಸದ್ದು, ಗುಂಪಿನ ಮೆಸೇಜಿಗೆ ಇನ್ನೊಂದು ಸದ್ದು ಆರಿಸಬಹುದು. ಮನೆಯ ವಾಟ್ಸ್ಆ್ಯಪ್‌ಗಿಂತ ಸ್ಪಷ್ಟವಾಗಿ ಬೇರೆಯಾದ ಸದ್ದು ಇರಲಿ. ಮಷಿನ್ ಶಾಪ್‌ನಂಥ ಗದ್ದಲದ ಜಾಗದಲ್ಲಿ ಸಣ್ಣ ಸದ್ದು ಕೇಳಿಸದು. ಅಲ್ಲಿ ಕಂಪನವೇ ಗುರುತು. ಕೆಲಸದ ಖಾತೆಗೆ ಉದ್ದ ಕಂಪನ, ಮನೆಯದಕ್ಕೆ ಚಿಕ್ಕದು ಇಟ್ಟರೆ ಜೇಬಿನಲ್ಲಿದ್ದಾಗಲೇ ತಿಳಿಯುತ್ತದೆ.

ಫೋನ್ ಕರೆಗೂ ಹೀಗೆಯೇ ಮಾಡಬೇಕು. ಸ್ಯಾಮ್‌ಸಂಗ್, ರೆಡ್ಮಿ, ವಿವೊ, ಒಪ್ಪೊದಂಥ ಫೋನುಗಳಲ್ಲಿ ಸಿಮ್ ಒಂದಕ್ಕೆ ಒಂದು, ಸಿಮ್ ಎರಡಕ್ಕೆ ಇನ್ನೊಂದು ರಿಂಗ್‌ಟೋನ್ ಇಡಬಹುದು. ಸೆಟ್ಟಿಂಗ್ಸ್‌ನಲ್ಲಿ ಸದ್ದಿನ ಭಾಗಕ್ಕೆ ಹೋಗಿ ರಿಂಗ್‌ಟೋನ್ ಒತ್ತಿದರೆ ಸಿಮ್ ಆರಿಸುವ ಜಾಗ ಕಾಣುತ್ತದೆ. ಸಿಮ್‌ಗಳ ಹೆಸರನ್ನೂ "ಮನೆ", "ಕೆಲಸ" ಎಂದು ಬದಲಿಸಿಕೊಳ್ಳಿ. ನೀವು ಕರೆ ಮಾಡುವಾಗ ಪ್ರತಿ ಸಲ ಯಾವ ಸಿಮ್ ಎಂದು ಫೋನು ಕೇಳುವಂತೆ ಇಟ್ಟರೆ, ಗಿರಾಕಿಗೆ ತಪ್ಪಿ ಮನೆಯ ನಂಬರಿನಿಂದ ಕರೆ ಹೋಗುವುದು ತಪ್ಪುತ್ತದೆ.

ಈಗ ಗುಂಪುಗಳು. ಶಾಪಿನ ಎಲ್ಲ ಗುಂಪುಗಳಿಗೂ ಸದ್ದು ಬೇಕಿಲ್ಲ. ಡಿಸ್ಪ್ಯಾಚ್ ಗುಂಪಿಗೆ ಸದ್ದು ಇರಲಿ. ಶುಭಾಶಯ, ಹುಟ್ಟುಹಬ್ಬದ ಗುಂಪನ್ನು "Mute" ಮಾಡಿ, "Always" ಆರಿಸಿ. ಮುಖ್ಯ ವಿಷಯ ತಪ್ಪೀತು ಎಂಬ ಅಂಜಿಕೆ ಬೇಡ. ಯಾರಾದರೂ @ ಗುರುತಿನೊಂದಿಗೆ ನಿಮ್ಮ ಹೆಸರು ಹಿಡಿದು ಬರೆದರೆ ಅಥವಾ ನಿಮ್ಮ ಮೆಸೇಜಿಗೆ ಉತ್ತರಿಸಿದರೆ ಮ್ಯೂಟ್ ಮಾಡಿದ ಗುಂಪಿನಿಂದಲೂ ಸೂಚನೆ ಬರುತ್ತದೆ.

ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಮಾತು ಕಾಣದಂತೆಯೂ ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಭಾಗದಲ್ಲಿ ಲಾಕ್ ಪರದೆಯ ಆಯ್ಕೆ ಇರುತ್ತದೆ. ಆಗ ಮೆಸೇಜು ಬಂದಿದೆ ಎಂದಷ್ಟೇ ಕಾಣುತ್ತದೆ. ಮೇಜಿನ ಮೇಲಿಟ್ಟ ಫೋನಿನಲ್ಲಿ ಮನೆಯ ಮಾತನ್ನು ಶಾಪಿನವರು ಓದುವುದಿಲ್ಲ, ಗಿರಾಕಿಯ ದರವನ್ನು ಮನೆಗೆ ಬಂದವರು ಓದುವುದಿಲ್ಲ.

ನಾಲ್ಕನೇ ಹಂತ: ಸಮಯ ಬೇರೆ

ಇದಕ್ಕೆ ಬಳಸುವುದು "Focus mode". ಆರಿಸಿದ ಆ್ಯಪ್‌ಗಳನ್ನು ನಿಗದಿತ ಹೊತ್ತಿನಲ್ಲಿ ತಡೆಹಿಡಿಯುವ ವ್ಯವಸ್ಥೆ ಇದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ "Digital Wellbeing" ಎಂಬ ಭಾಗದೊಳಗೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿನ ಹುಡುಕುವ ಜಾಗದಲ್ಲಿ Focus ಎಂದು ಬರೆಯಿರಿ. ಕೆಲವು ಕಂಪನಿಗಳು ಇದನ್ನು ಬೇರೆ ಹೆಸರಲ್ಲಿ, "Modes" ಎಂಬ ಭಾಗದಲ್ಲಿ ಇಟ್ಟಿವೆ.

ಅಲ್ಲಿ ಬರುವ ಪಟ್ಟಿಯಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್‌ಗೆ ಮಾತ್ರ ಗುರುತು ಹಾಕಿ. ಮನೆಯ ವಾಟ್ಸ್ಆ್ಯಪ್‌ಗೆ ಬೇಡ. ಕೆಲಸದ ಬೇರೆ ಆ್ಯಪ್‌ಗಳಿದ್ದರೆ ಅವನ್ನೂ ಸೇರಿಸಿ. ನಂತರ ವೇಳಾಪಟ್ಟಿ ಹಾಕಿ: ರಾತ್ರಿ 8ರಿಂದ ಬೆಳಿಗ್ಗೆ 7. ಕೆಲಸದ ದಿನಗಳಿಗೆ ಗುರುತು ಮಾಡಿ. ರಜೆಯ ದಿನ ಕೈಯಿಂದಲೇ ಆನ್ ಮಾಡಿಕೊಳ್ಳಬಹುದು.

ರಾತ್ರಿ 8 ಆದ ಕೂಡಲೇ ಆ ಆ್ಯಪ್‌ನ ಗುರುತು ಮಂಕಾಗುತ್ತದೆ. ಸದ್ದಿಲ್ಲ, ಸೂಚನೆಯಿಲ್ಲ. ಮೆಸೇಜು ಕಳೆದುಹೋಗುವುದಿಲ್ಲ, ಬೆಳಿಗ್ಗೆ 7ರ ನಂತರ ಸಿಗುತ್ತದೆ. ನಡುವೆ ನೋಡಲೇಬೇಕಾದರೆ ಐದು, ಹದಿನೈದು ಅಥವಾ ಮೂವತ್ತು ನಿಮಿಷ ಬಿಡುವು ಕೊಡುವ ಆಯ್ಕೆಯೂ ಇದೆ. ಆ ಹೊತ್ತು ಮುಗಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಗಾಡಿ ಕೆಟ್ಟು ನಿಂತರೆ ಹೇಗೆ ಎಂದು ನೀವು ಕೇಳಬಹುದು. ಫೋಕಸ್ ಮೋಡ್ ತಡೆಯುವುದು ಆ್ಯಪನ್ನು, ಸಿಮ್‌ಗೆ ಬರುವ ಸಾದಾ ಕರೆಯನ್ನಲ್ಲ. ಕೆಲಸದ ಸಿಮ್‌ಗೆ ಬಂದ ಕರೆ ರಾತ್ರಿಯೂ ತನ್ನ ರಿಂಗ್‌ಟೋನಿನಲ್ಲೇ ಕೂಗುತ್ತದೆ. ಇದನ್ನೇ ನಿಯಮ ಮಾಡಿಕೊಳ್ಳಿ: ತುರ್ತಿದ್ದರೆ ಕರೆ, ತುರ್ತಿಲ್ಲದ್ದು ಮೆಸೇಜು. ಡ್ರೈವರ್ ಮತ್ತು ಮಾಲೀಕರಿಗೆ ಈ ಮಾತು ಮೊದಲೇ ಹೇಳಿಡಿ. ವಾಟ್ಸ್ಆ್ಯಪ್ ಕರೆ ಮಾತ್ರ ಆ ಹೊತ್ತಿನಲ್ಲಿ ಮುಟ್ಟದು ಎಂಬುದನ್ನೂ ತಿಳಿಸಿ. ರಾತ್ರಿ ಕರೆಯೂ ಬೇಡವೆನ್ನುವವರು ಕೆಲಸದ ಸಿಮ್ ಅನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಆಗ ಆ ನಂಬರಿಗೆ ಒಟಿಪಿಯೂ ಬಾರದು.

ಬಿಸಿನೆಸ್ ಆ್ಯಪ್‌ನಲ್ಲಿ "Away message" ಎಂಬ ಇನ್ನೊಂದು ಸೌಲಭ್ಯವಿದೆ. ನೀವಿಲ್ಲದ ಹೊತ್ತಿನಲ್ಲಿ ಮೆಸೇಜು ಹಾಕಿದವರಿಗೆ ತಾನಾಗಿಯೇ ಹೋಗುವ ಉತ್ತರ ಅದು. ಗಡಿನಾಡಿನ ನಮಗೆ ಎರಡು ಭಾಷೆಯಲ್ಲಿ ಬರೆದಿಡುವುದು ಅನುಕೂಲ. ಕನ್ನಡದಲ್ಲಿ ಹೀಗಿರಬಹುದು: "ನಮಸ್ಕಾರ. ರಾತ್ರಿ 8ರಿಂದ ಬೆಳಿಗ್ಗೆ 7ರತನಕ ಈ ನಂಬರಿನ ಮೆಸೇಜು ನೋಡೂದಿಲ್ರಿ. ಅರ್ಜೆಂಟ್ ಇದ್ರ ಇದೇ ನಂಬರಿಗೆ ಸಾದಾ ಕಾಲ್ ಮಾಡ್ರಿ." ಇದರ ಕೆಳಗೆ ಅದೇ ಮಾತು ಮರಾಠಿಯಲ್ಲಿ. ಈ ಉತ್ತರ ಒಬ್ಬೊಬ್ಬರಿಗೆ ಹೋಗುತ್ತದೆ, ಗುಂಪುಗಳಿಗೆ ಹೋಗುವುದಿಲ್ಲ. ಫೋನಿಗೆ ಇಂಟರ್ನೆಟ್ ಇದ್ದಾಗ ಮಾತ್ರ ಹೋಗುತ್ತದೆ.

ಎಲ್ಲವೂ ಸಿದ್ಧವಾದ ದಿನ ರಾತ್ರಿ ಎಂಟೂವರೆಗೆ ಪರೀಕ್ಷೆ ಮಾಡಿ. ಮನೆಯವರ ಫೋನಿನಿಂದ ಕೆಲಸದ ನಂಬರಿಗೆ ಒಂದು ಮೆಸೇಜು ಹಾಕಿಸಿ. ಸದ್ದು ಬರಬಾರದು. ನಿಮ್ಮ ಸ್ವಯಂ ಉತ್ತರ ಅವರಿಗೆ ಹೋಯಿತೇ ಎಂದು ನೋಡಿ. ಮನೆಯ ನಂಬರಿಗೆ ಹಾಕಿಸಿ, ಸದ್ದು ಬರಬೇಕು. ಕೆಲಸದ ನಂಬರಿಗೆ ಸಾದಾ ಕರೆ ಮಾಡಿಸಿ, ರಿಂಗ್ ಆಗಬೇಕು. ಫೋಕಸ್ ಆನ್ ಇದ್ದಾಗ ಸ್ವಯಂ ಉತ್ತರ ಹೋಗದಿದ್ದರೆ ಫೋಕಸ್ ಬಿಟ್ಟು, ಆ ಆ್ಯಪ್‌ನ ನೋಟಿಫಿಕೇಶನನ್ನು ರಾತ್ರಿ ಕೈಯಿಂದ ಆಫ್ ಮಾಡುವ ದಾರಿ ಉಳಿದಿದೆ.

ಎಲ್ಲಿ ಕೆಡುತ್ತದೆ, ಹೇಗೆ ತಿಳಿಯುವುದು?

ಹಗಲಿನಲ್ಲಿ ಕೆಲಸದ ಮೆಸೇಜು ಬರುವುದೇ ಇಲ್ಲ, ಆ್ಯಪ್ ತೆರೆದ ಕೂಡಲೇ ಹತ್ತಾರು ಒಟ್ಟಿಗೆ ಬೀಳುತ್ತವೆ ಎಂದಾದರೆ ಅದು ಬ್ಯಾಟರಿ ಉಳಿಸುವ ವ್ಯವಸ್ಥೆಯ ಕೆಲಸ. ರೆಡ್ಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನುಗಳಲ್ಲಿ ಇದು ಹೆಚ್ಚು. ಹೊಸದಾಗಿ ಹಾಕಿದ ಆ್ಯಪನ್ನು ಫೋನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಡುತ್ತದೆ. ವಾಟ್ಸ್ಆ್ಯಪ್ ಬಿಸಿನೆಸ್ ಗುರುತನ್ನು ಒತ್ತಿ ಹಿಡಿದು "App info" ತೆರೆಯಿರಿ. ಬ್ಯಾಟರಿ ಭಾಗದಲ್ಲಿ ನಿರ್ಬಂಧವಿಲ್ಲ ಎಂಬ ಅರ್ಥದ ಆಯ್ಕೆ, ಅಂದರೆ "Unrestricted" ಅಥವಾ "No restrictions" ಆರಿಸಿ. "Autostart" ಎಂಬುದು ಕಂಡರೆ ಅದನ್ನೂ ಆನ್ ಮಾಡಿ.

ಬಸ್ಸು ಕಾಡಿನ ದಾರಿ ದಾಟಿ ಪೇಟೆಗೆ ಬಂದಾಗ ಎರಡೂ ಆ್ಯಪ್‌ಗಳಲ್ಲಿ ಒಟ್ಟಿಗೆ ಮೆಸೇಜು ಬಿದ್ದರೆ ಅದು ಸಿಗ್ನಲ್ ಮಾತು, ಸೆಟ್ಟಿಂಗ್ ತಪ್ಪಲ್ಲ. ವ್ಯತ್ಯಾಸ ತಿಳಿಯುವುದು ಸುಲಭ. ಎರಡೂ ಆ್ಯಪ್‌ಗಳಲ್ಲಿ ತಡವಾದರೆ ಸಿಗ್ನಲ್, ಒಂದರಲ್ಲಿ ಮಾತ್ರ ತಡವಾದರೆ ಬ್ಯಾಟರಿ ನಿರ್ಬಂಧ.

ಸದ್ದೇ ಬರುತ್ತಿಲ್ಲ ಎಂದರೆ ಅನುಮತಿ ನೋಡಿ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್‌ಗಳು ಸೂಚನೆ ತೋರಿಸಲು ನಿಮ್ಮ ಒಪ್ಪಿಗೆ ಕೇಳುತ್ತವೆ. ಮೊದಲ ದಿನ ಬೇಡ ಎಂದು ಒತ್ತಿದ್ದರೆ ಆಮೇಲೆ ಸೂಚನೆ ಬರುವುದಿಲ್ಲ. ಇದೂ "App info"ದಲ್ಲೇ ಸರಿಹೋಗುತ್ತದೆ.

ಇನ್ನೊಂದು ಬೆರಕೆ ಸೂಚನೆಯದ್ದಲ್ಲ, ಹೆಸರುಗಳದ್ದು. ಎರಡೂ ಆ್ಯಪ್‌ಗಳು ಓದುವುದು ಫೋನಿನ ಒಂದೇ ಕಾಂಟ್ಯಾಕ್ಟ್ ಪಟ್ಟಿಯನ್ನು. ಮನೆಯವರ ಹೆಸರು ಕೆಲಸದ ಆ್ಯಪ್‌ನಲ್ಲೂ ಕಾಣುತ್ತದೆ. ಗ್ಯಾಲರಿಯಿಂದ ಫೋಟೊ ಕಳಿಸುವಾಗ ಎರಡು ವಾಟ್ಸ್ಆ್ಯಪ್ ಗುರುತು ಕಾಣುತ್ತವೆ, ಕೈ ತಪ್ಪುವುದು ಇಲ್ಲೇ. ಕೆಲಸದವರ ಹೆಸರಿನ ಮುಂದೆ ಶಾಪ್ ಎಂದೋ, ಗಿರಾಕಿ ಎಂದೋ ಸೇರಿಸಿಟ್ಟರೆ ಕಳಿಸುವ ಮೊದಲು ಕಣ್ಣಿಗೆ ಬೀಳುತ್ತದೆ. ತಪ್ಪಿ ಹೋದದ್ದನ್ನು ಎರಡು ದಿನದೊಳಗೆ "Delete for everyone" ಮೂಲಕ ಅಳಿಸಬಹುದು, ಆದರೆ ಅಷ್ಟರಲ್ಲಿ ಎದುರಿನವರು ನೋಡಿರಬಹುದು.

ಇಮೇಲ್ ಇದ್ದವರಿಗೆ, ಕಂಪನಿ ಫೋನಿನವರಿಗೆ, ಐಫೋನಿನವರಿಗೆ

ಜಿಮೇಲ್ ಆ್ಯಪ್‌ನಲ್ಲಿ ಎರಡು ಖಾತೆ ಇದ್ದರೆ ಎರಡನೇ ಆ್ಯಪ್ ಬೇಡ. ಅದರ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖಾತೆಯ ಹೆಸರು ಒತ್ತಿ ಸೂಚನೆ ಬೇರೆ ಬೇರೆಯಾಗಿ ಹೊಂದಿಸಬಹುದು: ಎಲ್ಲಕ್ಕೂ, ಮುಖ್ಯವಾದುದಕ್ಕೆ ಮಾತ್ರ, ಅಥವಾ ಯಾವುದಕ್ಕೂ ಬೇಡ.

ದೊಡ್ಡ ಕಂಪನಿಗಳು ನೌಕರರ ಫೋನಿನಲ್ಲಿ "Work profile" ಹಾಕಿಕೊಡುವುದುಂಟು. ಇದು ಒಂದೇ ಮನೆಯಲ್ಲಿ ಬಾಗಿಲು ಬೇರೆಯಿರುವ ಇನ್ನೊಂದು ಕೋಣೆಯಂತೆ. ಕೆಲಸದ ಆ್ಯಪ್‌ಗಳ ಮೇಲೆ ಸಣ್ಣ ಸೂಟ್‌ಕೇಸಿನ ಗುರುತು ಇರುತ್ತದೆ, ಒಂದೇ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಬಹುದು. ಕಂಪನಿಗೆ ಹಿಡಿತ ಇರುವುದು ಆ ಭಾಗದ ಮೇಲೆ, ನಿಮ್ಮ ಸ್ವಂತ ಫೋಟೊ, ಮೆಸೇಜಿನ ಮೇಲಲ್ಲ. ನಿಮ್ಮ ಕಂಪನಿ ಕೊಡುತ್ತದೆಯೇ ಎಂದು ಐಟಿ ವಿಭಾಗದವರನ್ನು ಕೇಳಿ. ಕೊಟ್ಟರೆ ಮೇಲಿನ ಹೆಚ್ಚಿನ ಹಂತಗಳು ಬೇಕಾಗುವುದಿಲ್ಲ.

ಐಫೋನಿನಲ್ಲೂ ವಾಟ್ಸ್ಆ್ಯಪ್ ಮತ್ತು ವಾಟ್ಸ್ಆ್ಯಪ್ ಬಿಸಿನೆಸ್ ಎರಡನ್ನೂ ಹಾಕಬಹುದು. ಸಮಯ ಬೇರೆ ಮಾಡಲು ಸೆಟ್ಟಿಂಗ್ಸ್‌ನ "Focus" ಇದೆ. ಇದು 2021ರ ಐಒಎಸ್ 15ರಿಂದ ಬಂದದ್ದು. ಆಂಡ್ರಾಯ್ಡ್‌ನಲ್ಲಿ ತಡೆಯಬೇಕಾದ ಆ್ಯಪ್ ಆರಿಸಿದ ಹಾಗೆ ಇಲ್ಲೂ ಆರಿಸಬಹುದು. ಅದರ ಬದಲು ಒಳಬಿಡಬೇಕಾದ ಆ್ಯಪ್ ಮತ್ತು ಜನರನ್ನು ಆರಿಸುವುದೂ ಸಾಧ್ಯ.

ಖರ್ಚೆಷ್ಟು?

ಆ್ಯಪ್‌ಗಳಿಗೆ, ಸೆಟ್ಟಿಂಗ್‌ಗಳಿಗೆ ದುಡ್ಡಿಲ್ಲ. ಖರ್ಚು ಇರುವುದು ಎರಡನೇ ಸಿಮ್‌ನ ರೀಚಾರ್ಜಿಗೆ. ಡೇಟಾ ಬೇಡವಾದ ಕಾರಣ ಮಾತು ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್ ಸಾಕು. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಇಂಥ ಪ್ಯಾಕನ್ನು ಕಂಪನಿಗಳು ಕೊಡಲೇಬೇಕು ಎಂದು ನಿಯಮ ಮಾಡಿತು. 2025ರ ಆರಂಭದಲ್ಲಿ ಇವು ಬಂದಾಗ ಖಾಸಗಿ ಕಂಪನಿಗಳ 84 ದಿನದ ಪ್ಯಾಕ್ ಸುಮಾರು 450ರಿಂದ 470 ರೂಪಾಯಿ ಇತ್ತು. ದರ ಬದಲಾಗುತ್ತಿರುತ್ತದೆ, ಕೊಳ್ಳುವ ದಿನ ಕೇಳಿ. ಅಂಗಡಿಯವರು ಮೊದಲು ತೋರಿಸುವುದು ಡೇಟಾ ಪ್ಯಾಕನ್ನೇ. "ಬರೇ ಕಾಲ್ ಪ್ಯಾಕ್ ಕೊಡ್ರಿ" ಎಂದು ಹೇಳಿ ಕೇಳಿ.

ರೀಚಾರ್ಜ್ ಮಾಡದೆ ಬಹಳ ದಿನ ಬಿಡಬೇಡಿ. 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ಆಮೇಲೆ ಅದೇ ನಂಬರು ಬೇರೆಯವರಿಗೆ ಸಿಗುತ್ತದೆ, ನಿಮ್ಮ ಗಿರಾಕಿಗಳ ಮೆಸೇಜು ಅವರಿಗೆ ಹೋಗುತ್ತದೆ.

ಎಲ್ಲಿ ಸಿಗುತ್ತದೆ?

ಬೆಳಗಾವಿಯಲ್ಲಿ ಕಂಪನಿಗಳ ಸ್ವಂತ ಮಳಿಗೆಗಳಿವೆ, ಬಿಎಸ್‌ಎನ್‌ಎಲ್ ಗ್ರಾಹಕ ಕೇಂದ್ರವಿದೆ. ಖಾನಾಪುರ ಪೇಟೆಯ ಮೊಬೈಲ್ ಅಂಗಡಿಗಳಲ್ಲೂ ಸಿಮ್ ಸಿಗುತ್ತದೆ. ಆಧಾರ್ ಕಾರ್ಡು ಒಯ್ದರೆ ಸಾಕು, ಬೆರಳಚ್ಚು ಇಲ್ಲವೇ ಮುಖದ ಫೋಟೊ ತೆಗೆದುಕೊಳ್ಳುತ್ತಾರೆ. ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ, ಶಾಪಿನ ಯಾರದೋ ಹೆಸರಿನದ್ದು ಬೇಡ. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ಬೆರಳಚ್ಚನ್ನು ಎರಡೆರಡು ಸಲ ಕೇಳಿದರೆ ಕಾರಣ ಕೇಳಿ. ಆಮೇಲೆ sancharsaathi.gov.in ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ದೂರಬಹುದು.

ಕೊನೆಯ ಹಂತ: ಜನರನ್ನು ದಾಟಿಸುವುದು

ಫೋನು ಸಿದ್ಧವಾದರೂ ಶಾಪಿನವರ ಬಳಿ ಇರುವುದು ನಿಮ್ಮ ಹಳೆಯ ನಂಬರೇ. ಗುಂಪಿನ ಅಡ್ಮಿನ್‌ಗೆ ಹೇಳಿ ಹೊಸ ನಂಬರನ್ನು ಸೇರಿಸಿಸಿ, ನಂತರ ಹಳೆಯ ನಂಬರಿನಿಂದ ಗುಂಪು ಬಿಡಿ. ಈಗ ಗುಂಪು ಬಿಟ್ಟರೆ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ, ಎಲ್ಲರಿಗೂ ಅಲ್ಲ. ಗಿರಾಕಿಗಳಿಗೆ ಹೊಸ ನಂಬರಿನಿಂದಲೇ ಮೆಸೇಜು ಹಾಕಿ ಉಳಿಸಿಕೊಳ್ಳಲು ಹೇಳಿ.

ಕೆಲವರು ಆದರೂ ಹಳೆಯ ನಂಬರಿಗೇ ಬರೆಯುತ್ತಾರೆ. ಅಲ್ಲೇ ಉತ್ತರ ಕೊಟ್ಟರೆ ಅವರು ಎಂದಿಗೂ ಬದಲಾಗುವುದಿಲ್ಲ. ಅವರ ಮೆಸೇಜನ್ನು ಓದಿ, ಕೆಲಸದ ಆ್ಯಪ್ ತೆರೆದು, ಅಲ್ಲಿಂದ ಉತ್ತರಿಸಿ: "ನಿಮ್ಮ ಮೆಸೇಜು ನೋಡೀನ್ರಿ. ಇನ್ನ ಮುಂದ ಕೆಲಸದ್ದು ಈ ನಂಬರಿಗೆ ಹಾಕ್ರಿ." ಮುಂದಿನ ಸಲ ಅವರು ನಿಮ್ಮನ್ನು ಹುಡುಕಿದಾಗ ಮೇಲೆ ಕಾಣುವುದು ಈ ಹೊಸ ಸಂಭಾಷಣೆಯೇ. ಅಲ್ಲಿಂದ ಮುಂದೆ ಅವರ ಮೆಸೇಜು ಕೆಲಸದ ಸದ್ದಿನಲ್ಲೇ, ಕೆಲಸದ ಹೊತ್ತಿನಲ್ಲೇ ಬರುತ್ತದೆ.